ನಾಲ್ಕೋ ಐದೋ

ಕೆ.ಆರ್. ಪೇಟೆಯಿಂದ ಮಾರೇನಕೊಪ್ಪಲಿಗೆ ಎಷ್ಟು ದೂರ ಎಂದು ಊರಲ್ಲಿ ಯಾರನ್ನು ಕೇಳಿದರೂ ಹದಿನಾಲ್ಕು ಕಿಲೋಮೀಟರ್ ಎನ್ನುತ್ತಾರೆ. ಮರಿಸ್ವಾಮಿ ಮೇಷ್ಟ್ರು ಮಾತ್ರ ಹಾಗನ್ನುವವರಲ್ಲ. ಹದಿಮೂರು ಕಿಲೋಮೀಟರ್ ಆರುನೂರು ಮೀಟರ್, ಅದೂ ಬಸ್‌ ಸ್ಟ್ಯಾಂಡಿನ ಹೊರಗಿನ ಗೇಟಿನಿಂದ ಎಣಿಸಿದರೆ, ಎನ್ನುತ್ತಿದ್ದರು. ಗಂಟೆ ಎಷ್ಟು ಮೇಷ್ಟ್ರೇ ಎಂದರೆ ಹತ್ತೂಕಾಲು ಅಂತ ಅವರ ಬಾಯಲ್ಲಿ ಬಂದದ್ದೇ ಇಲ್ಲ, ಹತ್ತು ಹದಿನೇಳು ಎಂದೇ ಬರುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಆ ಊರಿನ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವರು. ಊರಿನಲ್ಲಿ ಜಮೀನು ಪಾಲಾಗುವಾಗ ಸರ್ವೆಯವನು ಬಂದು ಹೋದ ಮೇಲೂ, ಒಂದು ಸಲ ಮೇಷ್ಟ್ರು ನೋಡಿಬಿಡಲಿ ಎಂದು ಕಾಗದ ಹಿಡಿದುಕೊಂಡು ಅವರ ಮನೆ ಜಗಲಿಗೆ ಬರುತ್ತಿದ್ದರು.

ಪ್ರತಿ ವರ್ಷ ಕೆ.ಆರ್. ಪೇಟೆಯಲ್ಲಿ ನಡೆಯುವ ತಾಲ್ಲೂಕು ಗಣಿತ ಮೇಳಕ್ಕೆ ಶಾಲೆಯಿಂದ ಒಬ್ಬರು ಹೋಗಿ, ನಾಲ್ಕೂರಿನ ಮೇಷ್ಟ್ರುಗಳ ಮುಂದೆ ನಿಂತು ಒಂದು ಪಾಠ ಮಾಡಿ ತೋರಿಸಬೇಕು. ಒಂಬತ್ತು ವರ್ಷ ಹೋದವರು ಮರಿಸ್ವಾಮಿಯವರೇ. ಮುಂದಿನ ವರ್ಷ ಅವರಿಗೆ ನಿವೃತ್ತಿ. ಹತ್ತನೆಯದೊಂದು ಆಗಿಬಿಟ್ಟರೆ ಸಾಕು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದರು.

ಅಷ್ಟರಲ್ಲಿ ಆತಿಯಾ ಬಂದಳು.

ಶ್ರೀರಂಗಪಟ್ಟಣದ ಹುಡುಗಿ, ಶಾಲೆಗೆ ಹೊಸ ಟೀಚರು. ಅವಳ ತಂದೆಯದು ಅಲ್ಲಿ ಲಾರಿ ಬಾಡಿ ಕಟ್ಟುವ ಕೆಲಸ. ಕೆ.ಆರ್. ಪೇಟೆಯಲ್ಲಿ ರೂಮು ಮಾಡಿಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ಅವಳಿಗೆ ಆರನೇ ಕ್ಲಾಸಿನ ಲೆಕ್ಕ ಕೊಟ್ಟರು, ಏಳನೆಯದು ಮರಿಸ್ವಾಮಿಯವರಲ್ಲೇ ಉಳಿಯಿತು. ಅವಳು ಬಂದ ಹದಿನೈದು ದಿನಕ್ಕೆ ಮಕ್ಕಳನ್ನೆಲ್ಲ ಎಬ್ಬಿಸಿಕೊಂಡು ಲೆಕ್ಕದ ಪಾಠಕ್ಕೆಂದು ಅಡುಗೆ ಕೋಣೆಗೆ ಹೋದಳು.

ಅಡುಗೆ ಕೋಣೆಯ ಒಡತಿ ದ್ಯಾವಮ್ಮ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬಿಸಿಯೂಟ ಶುರುವಾದ ದಿನದಿಂದ ಆ ಒಲೆ ಮುಂದೆಯೇ ಇರುವವಳು. ಮೇಷ್ಟ್ರು ಲೆಕ್ಕದ ಪ್ರಕಾರ ಅಕ್ಕಿ ತೂಗಿ ಕೊಡುತ್ತಿದ್ದರು, ಉಗ್ರಾಣದ ಕೀಲಿ ಅವರ ಸೊಂಟದಲ್ಲಿ. ಅವಳು ಇಸಕೊಂಡು ಹೋಗಿ ಬೇಯಿಸುತ್ತಿದ್ದಳು. ಇಬ್ಬರ ನಡುವೆ ಇಪ್ಪತ್ತು ವರ್ಷದಲ್ಲಿ ಅದಕ್ಕಿಂತ ಹೆಚ್ಚಿಗೆ ಮಾತು ನಡೆದಿರಲಿಲ್ಲ.

ಆವತ್ತು ಏಳನೇ ಕ್ಲಾಸಿಗೆ ಭಿನ್ನರಾಶಿ ಬರೆಯಲು ಕೊಟ್ಟು, ಮೇಷ್ಟ್ರು ಸೀಬೆ ಮರದ ಮರೆಯಲ್ಲಿ ನಿಂತು ಅಡುಗೆ ಕೋಣೆಯ ಕಿಟಕಿಗೆ ಕಿವಿ ಕೊಟ್ಟರು. ಕದ್ದು ಕೇಳುವುದು ತಮ್ಮ ವಯಸ್ಸಿಗೆ ತಕ್ಕದ್ದಲ್ಲ ಎಂದು ಗೊತ್ತಿತ್ತು. ಆದರೂ ನಿಂತರು.

ಒಳಗೆ ದ್ಯಾವಮ್ಮ ಹೇಳುತ್ತಿದ್ದಳು: "ಅನ್ನಕ್ಕೆ ಯಾವಾಗ್ಲೂ ಒಂದೀಟು ಮ್ಯಾಲಕ್ಕೆ ಅಂದಾಜು ಮಾಡ್ಬೇಕು. ಉಪ್ಪಿಗೆ ಒಂದೀಟು ಕೆಳಕ್ಕೆ. ಯಾಕೇಳಿ ನೋಡವಾ?"

ಅವಳೇ ಬಿಡಿಸಿ ಹೇಳಿದಳು:

"ಅನ್ನ ಮಿಕ್ಕುದ್ರೆ ಯಾರೋ ಇನ್ನೊಂದು ಸೌಟು ಆಕಿಸ್ಕತಾರೆ. ಕಮ್ಮಿ ಬಿದ್ರೆ ಕೊನೇಲಿ ಕುಂತಿರೋ ಮಗಿಗೆ ಏನ್ ಏಳೀರಿ? ಉಪ್ಪು ಕಮ್ಮಿ ಬಿದ್ರೆ ಆಮೇಲೆ ಆಕ್ಬೋದು. ಜಾಸ್ತಿ ಆದ್ರೆ ತೆಗ್ಯಕ್ಕಾಯ್ತದಾ?"

"ಅಂಗಾರೆ ಎಲ್ಲಾದ್ನೂವೆ ಅಂದಾಜಲ್ಲೇ ಮಾಡ್ಬೋದಾ ಅಜ್ಜಿ?" ಇದು ಮಾನಸ, ಆರನೇ ಕ್ಲಾಸಿನ ಬಾಯಿಬಡುಕಿ.

"ಥೂ ಇವಳ. ನಿಮ್ಮನ್ನೆಲ್ಲ ರಂಗನತಿಟ್ಟಿಗೆ ಕರ್ಕೊಂಡೋಗಿ, ವಾಪಸ್ ಬರೋವಾಗ ನಿಮ್ ಮಿಸ್ಸು 'ಸುಮಾರು ನಲವತ್ತು ಮಕ್ಳವ್ರೆ, ನಡೀರಿ' ಅಂತ ಬಸ್ಸು ಬುಡ್ಸುದ್ರೆ ನಿಮ್ಮವ್ವ ಸುಮ್ಕಿರ್ತಾಳಾ? ಅಲ್ಲಿ ಒಂದೊಂದು ತಲೇನೂ ಎಣಿಸ್ಬೇಕು."

ಮಕ್ಕಳು ಗೊಳ್ಳೆಂದು ನಕ್ಕವು. ಮೇಷ್ಟ್ರ ಇಪ್ಪತ್ತೆರಡು ವರ್ಷದಲ್ಲಿ ಲೆಕ್ಕದ ಪಾಠಕ್ಕೆ ಮಕ್ಕಳು ಹಾಗೆ ನಕ್ಕದ್ದು ಅವರಿಗೆ ನೆನಪಿಲ್ಲ. ನಗುವುದಿರಲಿ, ಆಕಳಿಸದಿದ್ದರೆ ಅದೇ ದೊಡ್ಡದಾಗಿತ್ತು. ಹೊಟ್ಟೆಯೊಳಗೆ ಏನೋ ಚುರುಕ್ ಎಂದಿತು. ಅಜೀರ್ಣವಿರಬೇಕು ಎಂದುಕೊಂಡು ಮನೆಗೆ ಹೋಗಿ ಜೀರಿಗೆ ನೀರು ಕುಡಿದರು.

ಅಜೀರ್ಣ ಮಾರನೇ ದಿನವೂ ಇಳಿಯಲಿಲ್ಲ. ಆತಿಯಾ ರಜೆ ಹಾಕಿದ್ದಳು, ಆರನೇ ಕ್ಲಾಸನ್ನೂ ಮೇಷ್ಟ್ರೇ ನೋಡಿಕೊಳ್ಳಬೇಕಾಯಿತು. ಈಗ ನೋಡುತ್ತೇನೆ ಎಂದುಕೊಂಡು ಬೋರ್ಡಿನ ಮೇಲೆ ಮೂವತ್ತೊಂಬತ್ತು ಇಪ್ಪತ್ತೊಂದಲೆ ಎಂದು ಬರೆದು ತಿರುಗುವಷ್ಟರಲ್ಲಿ ಮಾನಸ ಕೈಯೆತ್ತಿದಳು.

"ಎಂಟ್ನೂರ ಹತ್ರ ಬತ್ತದೆ ಸಾ."

"ಹತ್ರ ಬರೋದಕ್ಕೆ ಅದೇನು ಬಸ್ಸೇನಮ್ಮಿ? ಉತ್ತರ ಹೇಳು."

"ಒಂದ್ ನಲವತ್ತು ಮಾಡ್ಕಂಡೆ ಸಾ, ಒಂದ್ ಇಪ್ಪತ್ತು ಮಾಡ್ಕಂಡೆ."

"ಕೂತ್ಕೊ." ಮೇಷ್ಟ್ರು ಮುಂದಿನ ಬೆಂಚಿನ ದಿಲೀಪನನ್ನು ಎಬ್ಬಿಸಿದರು. ಅವನು ಬೋರ್ಡಿಗೆ ಬಂದು, ದಶಕ ಬಿಡಿ ಎಂದು ಕೆಳಗೆ ಕೆಳಗೆ ಬರೆದು, ಅಚ್ಚುಕಟ್ಟಾಗಿ ಗೆರೆ ಎಳೆದು, ಎಂಟು ಸಾವಿರದ ಹತ್ತೊಂಬತ್ತು ಎಂದು ಬರೆದ. ಅಕ್ಷರ ಮುತ್ತಿನಂತಿತ್ತು. ಮೇಷ್ಟ್ರು ಅಭ್ಯಾಸಬಲದಿಂದ ಶಭಾಷ್ ಎನ್ನಲು ಬಾಯಿ ತೆರೆಯುವುದಕ್ಕೂ ಹಿಂದಿನಿಂದ ಮಾನಸ, "ಅಂಗಿರಕ್ಕಾಗಲ್ಲ ಸಾ, ಎಂಟ್ನೂರಕ್ಕೂ ಎಂಟ್ಸಾವ್ರಕ್ಕೂ ಎಲ್ಲಿಗೆಲ್ಲಿಗೆ" ಎನ್ನುವುದಕ್ಕೂ ಸರಿಹೋಯಿತು.

ಸರಿಯುತ್ತರ ಎಂಟುನೂರ ಹತ್ತೊಂಬತ್ತು. ಹುಡುಗ ನಡುವೆ ಒಂದು ಸೊನ್ನೆ ಸೇರಿಸಿಬಿಟ್ಟಿದ್ದ. ಮೇಷ್ಟ್ರು ಆ ಸೊನ್ನೆಯನ್ನು ಅಂಗೈಯಲ್ಲೇ ಒರೆಸಿದರು, ಬಟ್ಟೆ ಹುಡುಕಲೂ ತಾಳ್ಮೆ ಇರಲಿಲ್ಲ.

"ಇದ ಮಿಸ್ಸು ಹೇಳ್ಕೊಟ್ರಾ?" ಎಂದು ಕೇಳಿದರು.

"ಇಲ್ಲ ಸಾ, ದ್ಯಾವಜ್ಜಿ. ಮೊದ್ಲು ಅಂದಾಜು ಇಟ್ಕಂಡಿದ್ರೆ ತಪ್ಪಾದಾಗ ತಿಳೀತದಂತೆ. ಅಕ್ಕಿ ಮೂಟೆ ಎತ್ತುದೇಟ್ಗೆ ತೂಕದವನು ಮೋಸ ಮಾಡವ್ನಾ ಇಲ್ವಾ ಅಂತ ಅಜ್ಜಿಗೆ ಗೊತ್ತಾಗೋಯ್ತದೆ ಸಾ."

ಆತಿಯಾ ಮೇಲಿದ್ದ ಹೊಟ್ಟೆಯುರಿ ಆ ಗಳಿಗೆಯಲ್ಲಿ ಮಗ್ಗುಲು ಬದಲಾಯಿಸಿ ದ್ಯಾವಮ್ಮನ ಮೇಲೆ ಬಿತ್ತು. ಆತಿಯಾ ಹೋಗಲಿ, ಓದಿದವಳು, ಎಂ.ಎಸ್ಸಿ. ಮಾಡಿದವಳು. ಅವಳಿಗೆ ಸೋತರೆ ಕಾಲ ಬದಲಾಯಿತು ಎಂದು ಸಮಾಧಾನ ಹೇಳಿಕೊಳ್ಳಬಹುದು. ಬದನೆಕಾಯಿ ಹೆಚ್ಚುವವಳಿಗೆ ಸೋಲುವುದು ಹೇಗೆ?

ಆ ವಾರವೇ ಹೆಡ್‌ಮಾಸ್ಟರ್ ಸೋಮಯ್ಯನವರು ಕರೆದು ಕೂರಿಸಿಕೊಂಡರು. ಇಬ್ಬರೂ ಒಂದೇ ವಯಸ್ಸಿನವರು.

"ಮರಿಸ್ವಾಮಿ, ಈ ವರ್ಷ ಮೇಳಕ್ಕೆ ಆತಿಯಾ ಒಂದು ಮಾತು ಹೇಳವ್ರೆ. ಅಡುಗೆ ಕೋಣೆ ಲೆಕ್ಕ ಇಟ್ಕೊಂಡು ದ್ಯಾವಮ್ಮನ್ನೇ ಪಾಠಕ್ಕೆ ನಿಲ್ಸಿದ್ರೆ ಹೆಂಗೆ ಅಂತ. ನಾನಿನ್ನೂ ಏನೂ ಹೇಳಿಲ್ಲ. ನಿಮ್ಮನ್ನ ಕೇಳ್ದೆ ಹೇಳೋನೂ ಅಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸುವಷ್ಟು ಕೊಳೆ ಅದರ ಮೇಲಿರಲಿಲ್ಲ. "ಯೋಚ್ನೆ ಮಾಡವ. ಕ್ರೀಡಾಕೂಟ ಮುಗೀಲಿ" ಎಂದರು. ಮನಸ್ಸಿನೊಳಗೆ ಯೋಚನೆಯೇನೂ ಉಳಿದಿರಲಿಲ್ಲ. ಕ್ರೀಡಾಕೂಟದ ಊಟದ ಉಸ್ತುವಾರಿ ಅವರದೇ. ಆವತ್ತು ಊರಿಗೆಲ್ಲ ಕಾಣುವ ಹಾಗೆ, ಗ್ರಾಂ ಲೆಕ್ಕಕ್ಕೂ ತಪ್ಪದ ಹಾಗೆ ಊಟ ನಡೆಸಿಬಿಟ್ಟರೆ, ಲೆಕ್ಕ ಯಾರದು ಎಂಬ ಮಾತೇ ಏಳುವುದಿಲ್ಲ.

ಕ್ರೀಡಾಕೂಟಕ್ಕೆ ಸುತ್ತಲಿನ ಆರು ಶಾಲೆಯ ಮಕ್ಕಳು ಬರಬೇಕು. ಮೇಷ್ಟ್ರು ಒಂದೊಂದು ಶಾಲೆಗೂ ಫೋನ್ ಮಾಡಿ ಎಷ್ಟು ಜನ ಎಂದು ಬರೆದುಕೊಂಡರು: ಅರವತ್ತು, ನಲವತ್ತೈದು, ಎಂಬತ್ತು, ಮೂವತ್ತೈದು, ಎಪ್ಪತ್ತು, ಐವತ್ತು. ತಮ್ಮ ಶಾಲೆಯದು ಎಂಬತ್ತೇಳು. ಒಟ್ಟು ನಾನೂರ ಇಪ್ಪತ್ತೇಳು. ತಲೆಗೆ ನೂರೈವತ್ತು ಗ್ರಾಂ ಅಕ್ಕಿ. ಅರವತ್ತನಾಲ್ಕು ಕೆ.ಜಿ. ಐವತ್ತು ಗ್ರಾಂ. ಹಿಂದಿನ ದಿನ ಮಧ್ಯಾಹ್ನ ಅಷ್ಟನ್ನೂ ತೂಗಿ, ಕೊನೆಯ ಐವತ್ತು ಗ್ರಾಮನ್ನು ಕೈಯಿಂದ ಉದುರಿಸಿ ಮುಳ್ಳು ಸರಿ ಮಾಡಿ, ಚೀಟಿಯನ್ನು ದ್ಯಾವಮ್ಮನ ಕೈಗಿಟ್ಟರು.

ದ್ಯಾವಮ್ಮ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಐವತ್ತು ಗ್ರಾಂ ಯಾವ ಮಗೀಗೆ ಮೇಷ್ಟ್ರೇ?"

"ಲೆಕ್ಕ ಅಂದ್ರೆ ಲೆಕ್ಕ."

"ನಂಗೆ ಅದೆಲ್ಲ ಏನ್ ಮಾಡಕ್ಕೆ. ಒಂದು ದಬರಿಗೆ ಹದಿನಾರು ಕೇಜಿ ಬೇಯ್ತದೆ. ನಾಲ್ಕು ದಬರಿ ಇಡ್ಬೇಕಾ, ಐದಾ? ಅಷ್ಟು ಏಳಿ ಸಾಕು."

"ನಾಲ್ಕು. ಅದೇ ಬರೆದಿದೀನಲ್ಲ."

ಅವಳು ಚೀಟಿಯ ಮೇಲಿನ ಅಂಕಿಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದಳು. "ನಮ್ಮದು ಎಂಬತ್ತೇಳು. ಇದು ಯಾರೋ ಎಣಿಸಿರೋದು. ಅರವತ್ತು, ನಲವತ್ತೈದು, ಎಂಬತ್ತು, ಮೂವತ್ತೈದು... ಆರು ಊರಲ್ಲೂ ಮಕ್ಳು ಐದೈದ್ರಂಗೇ ಉಟ್ತವಾ ಮೇಷ್ಟ್ರೇ?"

ಮೇಷ್ಟ್ರು ಚೀಟಿಯನ್ನು ನೋಡಿದರು. ಆರಕ್ಕೆ ಆರೂ ಸೊನ್ನೆ ಇಲ್ಲವೇ ಐದರಲ್ಲಿ ಮುಗಿಯುತ್ತಿದ್ದವು. ಯಾವ ಮೇಷ್ಟ್ರೂ ಎಣಿಸಿರಲಿಲ್ಲ. ಫೋನಿನಲ್ಲಿ ಬಾಯಿಗೆ ಬಂದದ್ದನ್ನು ಅಂದಿದ್ದರು. ಆ ಬಾಯಿಮಾತಿನ ಮೇಲೆ ತಾವು ಗ್ರಾಮಿನ ಗೋಪುರ ಕಟ್ಟಿದ್ದರು. ಇಂಥದ್ದನ್ನು ಮೊದಲು ಕಾಣಬೇಕಾಗಿದ್ದ ಕಣ್ಣು ತಮ್ಮದು. ಕಂಡದ್ದು ಅವಳಿಗೆ.

ಬೇರೆ ಯಾರಾದರೂ ತೋರಿಸಿದ್ದರೆ, ಹೌದಲ್ಲ ಎಂದುಬಿಡುತ್ತಿದ್ದರೋ ಏನೋ. ಅವಳೆದುರು ಮಾತ್ರ ಚೀಟಿಯನ್ನು ಅವಳ ಕಡೆಗೇ ಸರಿಸಿದರು.

"ಬರೆದಷ್ಟು ಬೇಯ್ಸು ದ್ಯಾವಮ್ಮ" ಎಂದು ಹೇಳಿ, ಉಗ್ರಾಣಕ್ಕೆ ಬೀಗ ಹಾಕಿ, ಜಗ್ಗಿ ನೋಡಿ, ಕೀಲಿ ಸಿಕ್ಕಿಸಿಕೊಂಡು ಹೊರಟರು.

"ಆಯ್ತು ಬುಡಿ" ಎಂದಳು ಅವಳು. ಜಗಳಕ್ಕೆ ನಿಂತಿದ್ದರೆ ಮೇಷ್ಟ್ರಿಗೆ ಎಷ್ಟೋ ಹಿತವಾಗುತ್ತಿತ್ತು.

ಮಾರನೇ ದಿನ ಬೆಳಗ್ಗೆ ಟ್ರಾಕ್ಟರು, ಟೆಂಪೋ, ಬೈಕು, ಸೈಕಲ್ಲು, ಸಿಕ್ಕಿದ್ದರ ಮೇಲೆ ಮಕ್ಕಳು ಬಂದು ಇಳಿಯತೊಡಗಿದವು. ಓಡುವ ಮಕ್ಕಳ ಜೊತೆ ಅವರಿಗೆ ಕೂಗು ಹಾಕುವ ಮಕ್ಕಳು, ಅವರ ಹಿಂದೆ ತಮ್ಮ ತಂಗಿಯರು. ಸಿಂಧಘಟ್ಟದ ಕಡೆಯ ಒಂದು ಟ್ರಾಕ್ಟರಿನಿಂದ ಇಳಿದ ಮಕ್ಕಳು ಇಳಿಯುತ್ತಲೇ ಇದ್ದರು. ಹತ್ತು ನಲವತ್ತಕ್ಕೆ ಮೇಷ್ಟ್ರಿಗೆ ನಾನೂರ ಇಪ್ಪತ್ತೇಳರ ಮೇಲಿನ ನಂಬಿಕೆ ಹೋಯಿತು.

ಎಣಿಸಿಯೇಬಿಡುತ್ತೇನೆ ಎಂದು ಶಾಮಿಯಾನದ ಒಂದು ತುದಿಯಿಂದ ಹೊರಟು ಮೈದಾನವನ್ನೂ ಸುತ್ತಿ ಬಂದರು. ನಾನೂರ ಮೂವತ್ತೊಂದು ಬಂತು. ಅಷ್ಟರಲ್ಲಿ ಕಬಡ್ಡಿಗೆಂದು ಒಂದು ಹಿಂಡು ಎದ್ದು ಹೋಯಿತು, ನೀರು ಕುಡಿದ ಇನ್ನೊಂದು ಹಿಂಡು ಬಂದು ಕೂತಿತು. ಮತ್ತೆ ಎಣಿಸಿದರು. ನಾನೂರ ಐವತ್ತೆರಡು. ಮೂರನೇ ಸಲ ಇನ್ನೂರು ದಾಟುವಾಗ ಯಾರೋ ನಮಸ್ಕಾರ ಸಾ ಎಂದರು, ಲೆಕ್ಕ ಕೈತಪ್ಪಿತು. ಗಂಟೆ ಹನ್ನೊಂದು ಹತ್ತು. ಒಂದು ಗಂಟೆಗೆ ಊಟ ಹಾಕಬೇಕು. ಮೂರೇ ಒಲೆ. ಐದನೇ ದಬರಿ ಬೇಯಬೇಕಾದರೆ ಹನ್ನೊಂದೂವರೆಗಾದರೂ ಒಲೆ ಏರಬೇಕು. ಇದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಸಾ, ಒಂದು ಅಂಕಣ ಎಣಿಸುದ್ರೆ ಸಾಕಲ್ವಾ?" ಮಾನಸ ಪಕ್ಕದಲ್ಲಿ ಬಂದು ನಿಂತಿದ್ದಳು. ಶಾಮಿಯಾನದ ಕಂಬದಿಂದ ಕಂಬಕ್ಕೆ ಒಂದೊಂದು ಅಂಕಣ. ಒಟ್ಟು ಎಂಟು.

"ನಿಂಗೆ ಓಟ ಇಲ್ವೇನಮ್ಮಿ? ಹೋಗು."

ಅವಳು ಹೋದಳು. ಮೇಷ್ಟ್ರು ಅವಳು ಹೋದ ದಿಕ್ಕನ್ನೂ, ಅಡುಗೆ ಕೋಣೆಯ ಹೊಗೆಯನ್ನೂ, ಎಂಟು ಅಂಕಣವನ್ನೂ ನೋಡಿದರು. ಇದು ದ್ಯಾವಮ್ಮ ಒಂದು ಸಾಲು ಎಣಿಸಿ ಇಡೀ ಪಂಕ್ತಿ ಅಂದಾಜು ಮಾಡುವ ವಿದ್ಯೆ. ಇದನ್ನು ಮಾಡಿದರೆ ಸೋತಂತೆ. ಮಾಡದಿದ್ದರೆ ಕೊನೆಯ ಸಾಲಿನಲ್ಲಿ ಕೂತವರ ಎಲೆ ಖಾಲಿ. ಇದೊಂದು ಸೋಲನ್ನು ಯಾರೂ ನೋಡದ ಹಾಗೆ ಸೋಲಬಹುದೇ ಎಂದು ಅತ್ತಿತ್ತ ನೋಡಿದರು. ಯಾರೂ ನೋಡುತ್ತಿರಲಿಲ್ಲ.

ಒಂದು ಅಂಕಣ ಎಣಿಸಲಿಲ್ಲ, ಎರಡು ಎಣಿಸಿದರು. ಮೊದಲು ಎಲ್ಲಕ್ಕಿಂತ ತೆಳ್ಳಗೆ ಕಂಡದ್ದನ್ನು: ನಲವತ್ತೇಳು. ಆಮೇಲೆ ಎಲ್ಲಕ್ಕಿಂತ ಒತ್ತಾಗಿದ್ದದ್ದನ್ನು: ಐವತ್ತಮೂರು. ಹಾಗಾದರೆ ಎಂಟೂ ಅಂಕಣ ತೆಳ್ಳಗೇ ಇದ್ದರೂ ಮುನ್ನೂರ ಎಪ್ಪತ್ತಾರಕ್ಕೆ ಕಡಿಮೆಯಿಲ್ಲ, ಎಂಟೂ ಒತ್ತಾಗಿದ್ದರೂ ನಾನೂರ ಇಪ್ಪತ್ನಾಲ್ಕಕ್ಕೆ ಹೆಚ್ಚಿಲ್ಲ. ಮೈದಾನದಲ್ಲಿ, ಮರದಡಿಯಲ್ಲಿ ಇರುವವರು ಎಪ್ಪತ್ತಕ್ಕಂತೂ ಕಡಿಮೆಯಿಲ್ಲ, ನೂರನ್ನು ಮೀರುವುದಿಲ್ಲ. ಕೆಳಗಿನದು ನಾನೂರ ನಲವತ್ತಾರು. ಮೇಲಿನದು ಐನೂರ ಇಪ್ಪತ್ನಾಲ್ಕು.

ನಾಲ್ಕು ದಬರಿ ನಾನೂರ ಇಪ್ಪತ್ತೇಳು ತಲೆಗೆ. ಐದು ದಬರಿ ಐನೂರ ಮೂವತ್ತಕ್ಕೆ.

ಮೇಷ್ಟ್ರು ಅಲ್ಲೇ ನಿಂತುಬಿಟ್ಟರು. ಕೆಳಗಿನ ಲೆಕ್ಕ ಹಿಡಿದರೂ ನಾಲ್ಕು ಸಾಲದು. ಮೇಲಿನದು ಹಿಡಿದರೂ ಐದು ಸಾಕು. ಎಷ್ಟು ಮಕ್ಕಳಿದ್ದಾರೆ ಎಂಬುದು ಅವರಿಗಿನ್ನೂ ಗೊತ್ತಿರಲಿಲ್ಲ. ಕೆಳಗಿನದಕ್ಕೂ ಮೇಲಿನದಕ್ಕೂ ಎಪ್ಪತ್ತೆಂಟು ಮಕ್ಕಳ ಅಂತರವಿತ್ತು. ಆದರೆ ಐದು ಎಂಬುದು ಕಲ್ಲಿನಷ್ಟು ಗಟ್ಟಿಯಾಗಿತ್ತು. ಇಂಥ ಗಟ್ಟಿ ಉತ್ತರ ತಮ್ಮ ಐವತ್ತು ಗ್ರಾಮಿನಲ್ಲಿ ಯಾವತ್ತೂ ಸಿಕ್ಕಿರಲಿಲ್ಲ. ಒಂದು ಕ್ಷಣ ಹೊಟ್ಟೆಯುರಿಯೇ ಮರೆತುಹೋಗಿ, ಸೊಂಟದ ಕೀಲಿ ಹಿಡಿದುಕೊಂಡು, ಐವತ್ತೊಂಬತ್ತರ ಮನುಷ್ಯ ಅಡುಗೆ ಕೋಣೆಗೆ ಓಡಿದರು.

"ದ್ಯಾವಮ್ಮ, ಸುಮಾರು ಐನೂರು" ಎಂದರು ಏದುಸಿರಿನಲ್ಲಿ.

ಸಾಂಬಾರು ತಿರುವುತ್ತಿದ್ದ ದ್ಯಾವಮ್ಮನ ಸೌಟು ನಿಂತಿತು. ತರಕಾರಿ ಹೆಚ್ಚುತ್ತಿದ್ದ ಇಬ್ಬರು ಹೆಂಗಸರೂ ತಲೆಯೆತ್ತಿದರು.

"ಸುಮಾರಾ ಮೇಷ್ಟ್ರೇ?"

"ಸುಮಾರು. ಐದು ದಬರಿ."

"ಐದ್ನೇದಕ್ಕೆ ನೀರು ಆಗ್ಲೇ ಇಟ್ಟಿವ್ನಿ. ಮರಳ್ತಾ ಐತೆ. ಅಕ್ಕಿ ಮಾತ್ರ ನಿಮ್ ಬೀಗದೊಳ್ಗಿತ್ತು."

ಓಡಿ ಬಂದ ಹೆಮ್ಮೆಯೆಲ್ಲ ಇಳಿದುಹೋಯಿತು. ಒಲೆಯ ಮೇಲೆ ನೀರು ನಿಜವಾಗಿಯೂ ಕೊತಕೊತ ಕುದಿಯುತ್ತಿತ್ತು. ಮೇಷ್ಟ್ರು ಬೀಗ ತೆಗೆದರು. ತಕ್ಕಡಿಯ ಕಡೆ ಕೈ ಹೋಯಿತು. ದ್ಯಾವಮ್ಮ, "ಒತ್ತಾಯ್ತದೆ" ಎಂದಷ್ಟೇ ಅಂದು, ಬಿದಿರಿನ ಮೊರದಲ್ಲಿ ಎಂಟು ಸಲ ಮೊಗೆದುಕೊಂಡು ಹೋದಳು. ಮೇಷ್ಟ್ರು ತಕ್ಕಡಿಯ ಪಕ್ಕ ನಿಂತು ಅವಳ ಮೊರ ಎಣಿಸಿದರು, ಅಷ್ಟಾದರೂ ಎಣಿಸದಿದ್ದರೆ ಕೈಗೆ ಕೆಲಸವಿರಲಿಲ್ಲ.

ಒಂದೂ ಹತ್ತಕ್ಕೆ ಮೊದಲ ಪಂಕ್ತಿ ಕೂತಿತು, ಎರಡೂವರೆಗೆ ಕೊನೆಯದು ಎದ್ದಿತು. ಯಾರ ಎಲೆಯೂ ಖಾಲಿಯಾಗಲಿಲ್ಲ. ದಬರಿಯ ತಳದಲ್ಲಿ ಮೂರು ಬುಟ್ಟಿ ಅನ್ನ ಉಳಿದಿತ್ತು. ಅದನ್ನು ಆರು ಶಾಲೆಯ ಮೇಷ್ಟ್ರುಗಳು, ಟೆಂಪೋ, ಟ್ರಾಕ್ಟರಿನ ಡ್ರೈವರುಗಳು ಕೂತು ಮುಗಿಸಿದರು. ಆತಿಯಾ ಎತ್ತಿಟ್ಟ ಎಲೆಗಳನ್ನು ಲೆಕ್ಕ ಹಾಕಿಸಿದ್ದಳು. ಮೇಷ್ಟ್ರು ಕೇಳಬಾರದು ಎಂದುಕೊಂಡಿದ್ದರೂ ಹತ್ತಿರ ಹೋಗಿ ಕೇಳಿದರು.

"ಮಕ್ಕಳದು ನಾನೂರ ಎಂಬತ್ತೊಂದು ಸರ್. ನೀವು ಎಷ್ಟು ಅಂದಿದ್ರಂತೆ?"

"ನಾನೆಲ್ಲಿ ಅಂದೆ. ಸುಮಾರು ಅಂದೆ ಅಷ್ಟೆ" ಎಂದರು. ಒಳಗೊಳಗೇ ಖುಷಿಯಾಯಿತು. ಆ ಖುಷಿ ಗುಟುಕರಿಸುವುದಕ್ಕೂ ಬಿಡದೆ, ಕೈತೊಳೆಯುವ ನಲ್ಲಿಯ ಹತ್ತಿರ ಮಕ್ಕಳು ಮಾತಾಡುವುದು ಕೇಳಿಸಿತು: ಮೇಷ್ಟ್ರಿಗೆ ದ್ಯಾವಜ್ಜಿ ಹೇಳ್ಕೊಟ್ಟವ್ರೆ ಕಣೇ, ನಾನು ನೋಡ್ದೆ, ಓಡ್ಕೊಂಡೋಗಿ ಕೇಳ್ಕೊಂಡ್ರು. ಖುಷಿ ಹೋಯಿತು.

ಸಂಜೆ ಶಾಮಿಯಾನ ಬಿಚ್ಚುವಾಗ ಸೋಮಯ್ಯನವರು ಬಂದು ಹೆಗಲು ಮುಟ್ಟಿದರು. "ಊಟ ಚೆನ್ನಾಗಿ ಆಯ್ತು. ಮೇಳದ ಹೆಸರು ನಾಳೆ ಕಳಿಸ್ಬೇಕು. ಏನ್ ಬರೀಲಿ?"

ಮರಿಸ್ವಾಮಿಯವರು ಬಾಯಿ ತೆರೆದಾಗ ತಮ್ಮ ಹೆಸರೇ ನಾಲಗೆಯ ತುದಿಯಲ್ಲಿತ್ತು. ಎದುರಿಗೆ ಅಡುಗೆ ಕೋಣೆಯ ಬಾಗಿಲಿನಲ್ಲಿ ದ್ಯಾವಮ್ಮ ದಬರಿ ಉಜ್ಜುತ್ತಿದ್ದಳು. ಕೆಲಸ ಉಜ್ಜುವುದೇ ಆದರೂ ಕಿವಿ ಇತ್ತಲೇ ಇತ್ತು. ಒಂದೇ ಜಾಗವನ್ನು ಎಷ್ಟೋ ಹೊತ್ತಿನಿಂದ ಉಜ್ಜುತ್ತಿದ್ದಳು. ಅವಳಿಗೂ ಹೋಗುವ ಆಸೆ ಇದೆ ಎಂಬುದು ಮೇಷ್ಟ್ರಿಗೆ ಆಗ ಕಂಡಿತು. ತಮಗೆ ಒಂಬತ್ತು ವರ್ಷದಿಂದ ಇದ್ದದ್ದು ಅದೇ ಆಸೆ. ಅದರ ರುಚಿ ಅವರಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದರಿಂದಲೇ ಕೊಡಲು ಮನಸ್ಸಾಗಲಿಲ್ಲ.

"ಆಯಮ್ಮನ ಹೆಸ್ರೇ ಬರೀರಿ" ಎಂದರು ಕೊನೆಗೆ. ದನಿ ತಮ್ಮದಲ್ಲದಂತೆ ಕೇಳಿಸಿತು. ಸೋಮಯ್ಯನವರು ಬೇರೇನಾದರೂ ಹೇಳುವ ಮುಂಚೆ ತಿರುಗಿ ಅಡುಗೆ ಕೋಣೆಯ ಕಡೆ ಹೊರಟರು. ಬರೀ ಬಿಟ್ಟುಕೊಟ್ಟು ಮನೆಗೆ ಹೋದರೆ ಜೀರಿಗೆ ನೀರಿಗೆ ಆವತ್ತು ಇಳಿಯುವ ಅಜೀರ್ಣವಲ್ಲ ಅದು. ಅವಳಿಗೆ ಗೊತ್ತಿಲ್ಲದ್ದೊಂದು ತಮಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಾಗಬೇಕಿತ್ತು.

"ನೋಡು ದ್ಯಾವಮ್ಮ, ಅಲ್ಲಿ ಮೇಷ್ಟ್ರುಗಳು ಕೇಳ್ತಾರೆ. ನಿನ್ನ ಅಂದಾಜು ತಪ್ಪಾದ್ರೆ ಏನ್ ಗತಿ ಅಂತ. ಆಗ ಏನ್ ಹೇಳ್ತೀಯ?"

"ಏನ್ ಏಳ್ಲಿ?"

ಮೇಷ್ಟ್ರು ಇದ್ದಿಲ ಚೂರು ತೆಗೆದುಕೊಂಡು ಗೋಡೆಯ ಮೇಲೆ ಎರಡು ಅಂಕಿ ಬರೆದರು. ಕೆಳಗೆ ನಾನೂರ ನಲವತ್ತಾರು, ಮೇಲೆ ಐನೂರ ಇಪ್ಪತ್ನಾಲ್ಕು. ತೆಳ್ಳನೆ ಅಂಕಣ, ಒತ್ತು ಅಂಕಣ ಎಂದು ಬಿಡಿಸಿ ಹೇಳಿದರು. ನಿಜವಾದದ್ದು ಇವೆರಡರ ನಡುವೆ ಎಲ್ಲಿಯಾದರೂ ಅಡಗಿಕೊಂಡಿರಲಿ, ಎರಡು ಕಡೆಗೂ ಉತ್ತರ ಒಂದೇ ಆದರೆ ಹುಡುಕುವ ಕೆಲಸವೇ ಇಲ್ಲ. ಎರಡು ಕಡೆಗೆ ಎರಡು ಉತ್ತರ ಬಂದರೆ ಮಾತ್ರ ಕೂತು ಎಣಿಸಬೇಕು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ಅವರು ಯಾವ ಪಾಠವನ್ನೂ ಮಾಡಿರಲಿಲ್ಲ.

ದ್ಯಾವಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಗೋಡೆಯನ್ನೇ ನೋಡಿದಳು.

"ಕಮ್ಮಿ ಅಂದ್ರೂ ಐದು, ಜಾಸ್ತಿ ಅಂದ್ರೂ ಐದು."

"ಹ್ಞೂಂ."

"ಇಂಗೆ ನಂಗೆ ಏಳಕ್ಕೆ ಬತ್ತಿರ್ಲಿಲ್ಲ ಮೇಷ್ಟ್ರೇ. ಕೈಯಲ್ಲಿತ್ತು, ಬಾಯಲ್ಲಿರ್ಲಿಲ್ಲ. ನಮ್ಮತ್ತೆ ಇನ್ನೊಂದು ತರ ಮಾಡೋರು, ಮದ್ವೆ ಮನೇಲಿ. ಎಷ್ಟು ಜನ ಅಂತ ಯಾರ್ನೂ ಕೇಳ್ತಿರ್ಲಿಲ್ಲ."

ಮೇಷ್ಟ್ರ ಹೊಟ್ಟೆಯಲ್ಲಿ ಮತ್ತೆ ಚುರುಕ್ ಎಂದಿತು. ಅತ್ತೆಯೊಬ್ಬಳು ಬೇರೆ ಇದ್ದಳೇ.

ಇದ್ದಿಲು ಕೆಳಗಿಟ್ಟು, ಖಾಲಿ ಅಕ್ಕಿ ಚೀಲವೊಂದನ್ನು ಮಡಿಸಿ ಹಾಕಿಕೊಂಡು, ಒಲೆಯ ಪಕ್ಕದಲ್ಲಿ ಕೂತರು.

"ಯಾವ ತರ ಮಾಡೋರು?" ಎಂದು ಕೇಳಿದರು.